ನಾಲ್ಕು-ಸಿ ಮನೆಯ ಪತ್ರದ ಎರಡನೇ ಹಾಳೆ

ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷದ ಹಿಂದೆ ನಮ್ಮ ಕಟ್ಟಡದವರು ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದರು. ಬೇಡ ಅನ್ನುವ ಧೈರ್ಯ ಆಗ ಇರಲಿಲ್ಲ, ಆಮೇಲೆ ಬಿಡುವ ಮನಸ್ಸೂ ಬರಲಿಲ್ಲ. ರೋಚೆಸ್ಟರಿನಲ್ಲಿ ನದಿಯ ದಂಡೆಗಿರುವ ಐದು ಮಹಡಿಯ ಇಟ್ಟಿಗೆ ಕಟ್ಟಡ ನಮ್ಮದು. ಮೂವತ್ತೆಂಟು ಮನೆ, ಮೂವತ್ತೆಂಟು ಬಗೆಯ ತಕರಾರು. ನಾಯಿ ಬೊಗಳುತ್ತದೆ, ಮೇಲಿನವರು ಕುರ್ಚಿ ಎಳೆಯುತ್ತಾರೆ, ಬಟ್ಟೆ ಒಣಗಿಸುವ ಯಂತ್ರದಲ್ಲಿ ಯಾರದೋ ಕಾಲುಚೀಲ ಸಿಕ್ಕಿದೆ. ಜನ ಇವನ್ನೆಲ್ಲ ಪತ್ರ ಬರೆದು ನನ್ನ ಪೆಟ್ಟಿಗೆಗೆ ಹಾಕುತ್ತಾರೆ.

ನಾನು ಮೊದಲು ಕ್ಯಾಮೆರಾ ಫಿಲ್ಮ್ ತಯಾರಿಸುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ಅಲ್ಲಿ ಪಾಳಿ ಮುಗಿದಾಗ ಯಂತ್ರಕ್ಕೆ ಏನಾಯಿತೆಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಒಂದು ತೊಂದರೆಗೆ ಒಂದು ಸಾಲು, ಅದಕ್ಕಿಂತ ಹೆಚ್ಚು ಬರೆದರೆ ಬೈಗುಳ. ಆ ಅಭ್ಯಾಸವನ್ನೇ ಸಂಘಕ್ಕೂ ತಂದೆ. ಯಾರು ಎಷ್ಟುದ್ದ ಬರೆದರೂ ಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೆ ಒಂದೇ ಸಾಲು. ಸಮಿತಿಯವರಿಗೆ ಇದು ಬಹಳ ಇಷ್ಟವಾಯಿತು. ಮೊದಲು ಮೂರು ಗಂಟೆ ಎಳೆಯುತ್ತಿದ್ದ ಸಭೆ ಒಂದು ಗಂಟೆಗೆ ಇಳಿಯಿತು. "ಆಲ್ವಿನ್ ಕುಬಿಯಾಕ್ ಸಮುದ್ರವನ್ನ ಲೋಟಕ್ಕೆ ಇಳಿಸ್ತಾನೆ" ಎಂದು ನಮ್ಮ ಖಜಾಂಚಿ ಆಜಿ ಫೆರಾರೊ ಹೊಗಳಿದ್ದ. ಆ ಹೊಗಳಿಕೆ ನನ್ನ ತಲೆಗೇರಿತ್ತು, ಇಲ್ಲ ಅನ್ನುವುದಿಲ್ಲ.

ಜೂನ್ ಮೊದಲ ವಾರ ನಾಲ್ಕು-ಸಿ ಮನೆಯ ತೀಡಾ ಲಿಂಡ್‌ಕ್ವಿಸ್ಟ್ ಅವರಿಂದ ಪತ್ರ ಬಂತು. ಎಪ್ಪತ್ತೊಂದು ವರ್ಷದ ಹೆಂಗಸು, ಹುಟ್ಟಿನಿಂದ ಕಿವಿ ಕೇಳದು. ಪತ್ರಿಕೆಯೊಂದರ ಅಚ್ಚುಮನೆಯಲ್ಲಿ ಮೂವತ್ತು ವರ್ಷ ಪುಟ ಕಟ್ಟಿದವರು. ನಮ್ಮೂರಿನಲ್ಲಿ ಕೈಸನ್ನೆಯ ಭಾಷೆಯಲ್ಲಿ ಮಾತಾಡುವವರು ಸಾವಿರಾರು ಜನ ಇರುವುದರಿಂದ ಅದೇನೂ ನಮಗೆ ವಿಶೇಷವಲ್ಲ, ಬಸ್ಸಿನಲ್ಲಿ, ಅಂಗಡಿಯಲ್ಲಿ ದಿನಾ ನೋಡುತ್ತೇವೆ. ಆದರೆ ನೋಡುವುದು ಬೇರೆ, ಕಲಿಯುವುದು ಬೇರೆ. ಹನ್ನೊಂದು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿಯೂ ನಾನು ಕಲಿತದ್ದು "ಬೆಳಗಿನ ನಮಸ್ಕಾರ" ಒಂದನ್ನೇ. ಸಂಜೆಗೂ ಅದನ್ನೇ ಮಾಡುತ್ತಿದ್ದೆ, ಆಕೆ ನಗುತ್ತಿದ್ದರು.

ಪತ್ರ ಎರಡು ಹಾಳೆ ಇತ್ತು. ಮೊದಲನೆಯದರ ತುಂಬ ಲೆಕ್ಕ. ನಮ್ಮ ಕಟ್ಟಡಕ್ಕೆ ಆರು ವರ್ಷದ ಹಿಂದೆ ಸಂಘವೇ ಒಂದು ಕೇಬಲ್ ಸಂಪರ್ಕ ಹಾಕಿಸಿ, ಪ್ರತಿ ಮಹಡಿಯ ಪಡಸಾಲೆಯ ಚಾವಣಿಗೆ ಎರಡೆರಡು ವೈ-ಫೈ ಪೆಟ್ಟಿಗೆ ಜೋಡಿಸಿತ್ತು. ಅದರ ಖರ್ಚು ಎಲ್ಲರ ತಿಂಗಳ ವಂತಿಗೆಯಲ್ಲೇ ಸೇರಿತ್ತು. ತೀಡಾ ಹದಿನಾಲ್ಕು ಸಂಜೆ ಕೂತು ಅದರ ವೇಗ ಅಳೆದಿದ್ದರು. ಒಳಗೆ ಇಳಿದು ಬರುವ ವೇಗ ಇಷ್ಟು, ಇಲ್ಲಿಂದ ಹೊರಗೆ ಹೋಗುವ ವೇಗ ಇಷ್ಟು. ಸಿನಿಮಾ ನೋಡುವವರಿಗೆ ಬರುವ ವೇಗ ಸಾಕು, ಎದುರುಬದುರು ವಿಡಿಯೋದಲ್ಲಿ ಮಾತಾಡುವವರಿಗೆ ಹೋಗುವ ವೇಗವೂ ಬೇಕು, ಕೇಬಲ್ಲಿನಲ್ಲಿ ಅದು ಮೊದಲೇ ಕಿರಿದು, ಸಂಜೆ ಏಳರ ಹೊತ್ತಿಗೆ ಮೂವತ್ತೆಂಟು ಮನೆ ಒಟ್ಟಿಗೆ ಎಳೆದಾಗ ಏನೂ ಉಳಿಯುವುದಿಲ್ಲ ಎಂದು ವಿವರವಾಗಿ ಬರೆದಿದ್ದರು. ನಮ್ಮ ಬೀದಿಯ ಕಂಬದವರೆಗೆ, ಎರಡೂ ಕಡೆಗೆ ಒಂದೇ ವೇಗ ಕೊಡುವ ಹೊಸ ಫೈಬರ್ ಕಂಪನಿಯ ತಂತಿ ಬಂದು ಆಗಿದೆ. ಸಂಘ ಒಂದು ಪ್ರವೇಶ ಒಪ್ಪಂದಕ್ಕೆ ಸಹಿ ಮಾಡಿದರೆ ಅವರು ತಮ್ಮ ಖರ್ಚಿನಲ್ಲೇ ಒಳಗೆ ಎಳೆಯುತ್ತಾರೆ. ಈಗಿನ ಕೇಬಲ್ಲಿನವರ ಕರಾರಿನಲ್ಲಿ ಬೇರೆಯವರು ಬರಕೂಡದು ಎಂಬ ಷರತ್ತೇನೂ ಇಲ್ಲ, ಅದರ ಪುಟಸಂಖ್ಯೆ ಇದು. ಇಷ್ಟು ಮೊದಲ ಹಾಳೆ.

ನಾನು ಮೊದಲ ಹಾಳೆ ಓದಿದೆ. ಎರಡನೆಯದರಲ್ಲೂ ಇಂಥದೇ ಲೆಕ್ಕ ಇದ್ದೀತು ಅಂದುಕೊಂಡೆ. ಒಂದು ಸಾಲು ಬರೆಯಲು ಬೇಕಾದ್ದು ಸಿಕ್ಕಿತ್ತಲ್ಲ. "ನಾಲ್ಕು-ಸಿ: ಸಂಜೆ ಇಂಟರ್ನೆಟ್ ನಿಧಾನ ಎಂದು ದೂರು, ಹೊಸ ಫೈಬರ್ ಕಂಪನಿಗೆ ಅನುಮತಿ ಕೋರಿಕೆ." ಸಾಲು ಅಚ್ಚುಕಟ್ಟಾಗಿತ್ತು. ಪತ್ರವನ್ನು ಕಡತಕ್ಕೆ ಹಾಕಿದೆ.

ಜೂನ್ ಸಭೆ ನೆಲಮಹಡಿಯ ಕೋಣೆಯಲ್ಲಿ ನಡೆಯಿತು. ಅಧ್ಯಕ್ಷೆ ಮಾರ್ಗರೀಟ್ ಡನ್ಫಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡಕದ ಮೇಲಿಂದ ನೋಡಿದರೆ ಈಗಲೂ ಹಿರಿಯರೇ ಬೆಂಚಿನ ಮೇಲೆ ನಿಂತುಬಿಡಬೇಕು, ಅಂಥ ನೋಟ. ನಾನು ಸಾಲು ಓದಿದೆ.

"ನಿಧಾನ ಅಂತೆ!" ಎಂದ ಆಜಿ. "ನಂಗೂ ನಿಧಾನವೇ. ಆಟದ ಕೊನೇ ಘಳಿಗೇಲಿ ಗಿರಗಿರ ಸುತ್ತುತ್ತೆ. ಏನ್ ಮಾಡೋದು, ಎದ್ದು ಹೋಗಿ ಕಾಫಿ ಕಾಯಿಸ್ಕೋತೀನಿ."

"ಫೈಬರ್ ಅಂದ್ರೆ ಪ್ರತಿ ಮಹಡೀಲೂ ಗೋಡೆ ಕೊರೀತಾರೆ" ಎಂದರು ಮಾರ್ಗರೀಟ್. "ಹೋದ ಸಲ ಕೊರೆದ ತೂತು ಮುಚ್ಚದೆ ಹೋಗಿ, ಅಗ್ನಿಶಾಮಕದವರು ನಮಗೆ ನೋಟಿಸ್ ಕೊಟ್ರು. ನೆನಪಿದೆಯಾ ಆಲ್ವಿನ್?"

"ನೆನಪಿದೆ."

"ಇದೇನು ತುರ್ತಾ?"

ಆ ಪ್ರಶ್ನೆಯನ್ನು ಅವರು ನನ್ನನ್ನೇ ನೋಡಿ ಕೇಳಿದರು. ಇಡೀ ಕೋಣೆಯಲ್ಲಿ ಪತ್ರದ ಕಡತ ಕೈಯಲ್ಲಿ ಹಿಡಿದಿದ್ದವನು ನಾನೊಬ್ಬನೇ. "ಹಾಗೇನೂ ಕಾಣಲ್ಲ" ಎಂದೆ.

"ಹಾಗಾದ್ರೆ ಸೆಪ್ಟೆಂಬರಿಗೆ ನೋಡೋಣ" ಎಂದರು. ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಸಭೆ ಇಲ್ಲ, ಅರ್ಧ ಜನ ಬೇಸಿಗೆ ಕಳೆಯಲು ಕೆರೆಯ ದಂಡೆಯ ಮನೆಗಳಿಗೆ ಹೋಗಿರುತ್ತಾರೆ. ನಾನು ಸಾಲಿನ ಮುಂದೆ "ಮುಂದಕ್ಕೆ" ಎಂದು ಬರೆದೆ. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು. ತಂತಿ ಬಾಗಿಲ ಮುಂದಿನ ಕಂಬದಲ್ಲಿ ಎರಡೂವರೆ ತಿಂಗಳು ಸುಮ್ಮನೆ ನೇತಾಡಿತು.

ಆಗಸ್ಟಿನ ಕೊನೆಯಲ್ಲಿ ಒಂದು ಸಂಜೆ ಲಿಫ್ಟು ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಪಡಸಾಲೆಯ ನಡುವೆ ತೀಡಾ ಸ್ಟೂಲಿನ ಮೇಲೆ ನಿಂತಿರುವುದು ಕಂಡಿತು. ಸೊಂಟ ನೋವಿನವರು, ನಡೆಯುವಾಗ ಕೋಲು ಹಿಡಿಯುವವರು. ಎಡಗೈಯಲ್ಲಿ ಟ್ಯಾಬ್ಲೆಟ್ಟನ್ನು ಚಾವಣಿಯ ಪೆಟ್ಟಿಗೆಗೆ ತೀರ ಹತ್ತಿರ ಎತ್ತಿ ಹಿಡಿದು, ಬಲಗೈ ಒಂದರಲ್ಲೇ ಏನೋ ಹೇಳುತ್ತಿದ್ದರು.

ನನಗೆ ಕೋಪ ಬಂತು. ಪಡಸಾಲೆಯಲ್ಲಿ ಸ್ಟೂಲು, ಕುರ್ಚಿ, ಏಣಿ ಇಡಬಾರದೆಂಬ ನಿಯಮವನ್ನು ಬರೆದವನೇ ನಾನು. "ಏನ್ರೀ ಇದು? ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಗತಿ?" ಎಂದು ಕೂಗಿದೆ. ಕೂಗಿದ ಮೇಲೆ ನನಗೇ ನಾಚಿಕೆಯಾಯಿತು, ಆಕೆ ತಿರುಗಿಯೂ ನೋಡಿರಲಿಲ್ಲ. ಹತ್ತಿರ ಹೋಗಿ ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡೆ. ಆಗ ಪರದೆ ಕಂಡಿತು.

ಹಾಸಿಗೆಯಲ್ಲಿ ದಿಂಬಿಗೆ ಒರಗಿದ ಒಬ್ಬ ಹೆಂಗಸು. ಮುಖ ತೀಡಾ ಅವರದೇ, ಆದರೆ ಬಹಳ ಸೊರಗಿದ್ದು. ಅವರ ಬಲಗೈ ಹೊದಿಕೆಯಿಂದ ಒಂದು ಗೇಣು ಮೇಲೆದ್ದು ಹಾಗೇ ನಿಂತಿತ್ತು. ಬೆರಳುಗಳಿದ್ದ ಕಡೆ ಬರೀ ಚೌಕ ಚೌಕದ ಕಲೆ. ಚಿತ್ರ ಅಲ್ಲಾಡಲಿಲ್ಲ. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಚಿತ್ರ ಜಿಗಿಯಿತು. ಅಷ್ಟರಲ್ಲಿ ಕೈ ಹೊದಿಕೆಯ ಮೇಲೆ ಬಿದ್ದಿತ್ತು, ಅವರು ಕಣ್ಣು ಮುಚ್ಚಿದ್ದರು.

ತೀಡಾ ನನ್ನ ಹೆಗಲು ಹಿಡಿದು ಇಳಿದರು. ಯಾವಾಗಲೂ ಜೇಬಿನಲ್ಲಿರುವ ಪುಟ್ಟ ಪುಸ್ತಕ ತೆಗೆದು ಬರೆದರು: "ಕ್ಷಮಿಸಿ. ಸ್ಟೂಲು ಇಡಬಾರದು ಅಂತ ಗೊತ್ತು."

ನಾನು ಪೆನ್ನು ಇಸಿದುಕೊಂಡು ಬರೆದೆ: "ಅವರು ಯಾರು?"

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬರೆದರು: "ನನ್ನ ತಂಗಿ ಇಂಗಾ. ಪತ್ರದಲ್ಲಿ ಬರೆದಿದ್ದೆನಲ್ಲ."

ನಾನು ಮೆಟ್ಟಿಲು ಇಳಿದೇ ಮನೆಗೆ ಬಂದೆ, ಲಿಫ್ಟಿಗೆ ಕಾಯಲಿಲ್ಲ. ಕಡತ ತೆಗೆದೆ. ಎರಡನೇ ಹಾಳೆಯಲ್ಲಿ ಹೀಗಿತ್ತು:

"ಇದನ್ನು ಕೇಳುತ್ತಿರುವುದಕ್ಕೆ ಒಂದು ಕಾರಣವಿದೆ. ನನ್ನ ತಂಗಿ ಬಹಳ ದೂರದ ಡುಲೂತ್ ಊರಿನ ಆರೈಕೆ ಮನೆಯಲ್ಲಿದ್ದಾಳೆ. ನಾವಿಬ್ಬರೂ ಕಿವುಡರು. ಅವಳಿಗೆ ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಕಾಲು ಹೋಗಿ ಆಯಿತು, ಈಗ ಕೈ. ಬೇಸಿಗೆ ಕಳೆಯುವಷ್ಟರಲ್ಲಿ ಕೈ ನಿಂತೀತೆಂದು ವೈದ್ಯರು ಹೇಳಿದ್ದಾರೆ. ಕೇಳುವವರಿಗೆ ಚಿತ್ರ ನಿಂತರೂ ದನಿ ಬರುತ್ತದೆ. ನಮಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಅವಳ ಸನ್ನೆ ದಿನದಿನಕ್ಕೆ ಚಿಕ್ಕದಾಗುತ್ತಿದೆ, ಮಸುಕಾದ ಚಿತ್ರದಲ್ಲಿ ತಿಳಿಯುವುದಿಲ್ಲ. ಆರೈಕೆಯವರು ಅವಳ ಮುಂದೆ ಪರದೆ ಇಡುವುದು ಅವಳ ಊಟದ ನಂತರ, ಇಲ್ಲಿಯ ಸಂಜೆ ಏಳಕ್ಕೆ. ಗ್ರಂಥಾಲಯ ಆರಕ್ಕೇ ಮುಚ್ಚುತ್ತದೆ. ನಮ್ಮ ಇಟ್ಟಿಗೆ ಗೋಡೆಯೊಳಗೆ ಫೋನಿನ ಸಂಕೇತ ಬರುವುದಿಲ್ಲ. ನನ್ನ ಸೊಂಟದ ದೆಸೆಯಿಂದ ಮತ್ತೆ ಅಷ್ಟು ದೂರ ಹೋಗಿಬರಲಾರೆ. ಆದ್ದರಿಂದ ಅವಳ ಕೈಗಳು ಇರುವಾಗಲೇ ಇದನ್ನು ದಯವಿಟ್ಟು ತೀರ್ಮಾನಿಸಿ."

ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ನನ್ನದೇ ಚಂದದ ಕೈಬರಹದ ಆ ಒಂದು ಸಾಲನ್ನು ಓದಿದೆ. ಜೀವನದಲ್ಲಿ ನನ್ನ ಅಕ್ಷರ ಕಂಡು ನನಗೆ ಅಸಹ್ಯವಾದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ತೀಡಾ ಅವರ ಬೆಲ್ ಒತ್ತಿದೆ. ಅವರ ಮನೆಯಲ್ಲಿ ಬೆಲ್ಲಿಗೆ ಸದ್ದಿಲ್ಲ, ಒಳಗೆ ದೀಪ ಮಿನುಗುತ್ತದೆ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಕಾಫಿಯನ್ನೂ ಏಲಕ್ಕಿ ಹಾಕಿದ ಬನ್ನನ್ನೂ ಇಟ್ಟರು. ನಾನು ಮುಟ್ಟಲಿಲ್ಲ. ಪುಸ್ತಕ ಎಳೆದುಕೊಂಡು ಬರೆದೆ: "ನಾನು ಎರಡನೇ ಹಾಳೆ ಓದಲೇ ಇಲ್ಲ. ಸಮಿತಿಗೆ ನಿಮ್ಮ ತಂಗಿಯ ವಿಷಯ ಗೊತ್ತೇ ಇಲ್ಲ. ತುರ್ತೇನಲ್ಲ ಅಂತ ಹೇಳಿದವನೂ ನಾನೇ."

ಆಕೆ ಓದಿದರು. ಎದ್ದುಹೋಗಿ ಕಿಟಕಿಯ ಹತ್ತಿರ ನಿಂತರು. ನನಗೆ ಬೆನ್ನು ಹಾಕಿದ ಮೇಲೆ ನಾನು ಏನು ಹೇಳಿದರೂ ಅವರಿಗೆ ತಲುಪುವುದಿಲ್ಲ ಎಂಬುದು ಆಗ ಹೊಳೆಯಿತು. ಬಂದು ಕೂತು ನಿಧಾನವಾಗಿ ಬರೆದರು:

"ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಮೂವತ್ತು ವರ್ಷ ನಾನೇ ಕತ್ತರಿಸಿದ್ದೇನೆ. ಮುಖ್ಯವಾದದ್ದು ಮೇಲಿರಬೇಕು. ಗೊತ್ತಿದ್ದೂ ಅವಳನ್ನು ಕೆಳಗೆ ಇಟ್ಟೆ. ಕರುಣೆ ಬೇಡುವಂತೆ ಕಾಣಬಾರದು ಅಂತ ಲೆಕ್ಕ ಮುಂದೆ ಹಾಕಿದೆ. ಅದು ನನ್ನ ತಪ್ಪು."

ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಆಕೆ ನನ್ನ ಕೈಯನ್ನು ಬದಿಗೆ ಸರಿಸಿ ಇನ್ನೊಂದು ಸಾಲು ಬರೆದರು: "ಓದದೇ ಇದ್ದದ್ದು ನಿಮ್ಮ ತಪ್ಪು. ಅದನ್ನು ನೀವು ಇಟ್ಟುಕೊಳ್ಳಿ."

ಸರಿಯಾಗಿಯೇ ಹೇಳಿದರು. ಮಾಡಿದ್ದುಣ್ಣೋ ಮಹಾರಾಯ. ಆಮೇಲೆ ಜುಲೈಯಲ್ಲಿ ಆದದ್ದನ್ನು ಬರೆದು ತೋರಿಸಿದರು. ಒಂದು ಸಂಜೆ ಇಂಗಾ ಎರಡೂ ಕೈ ಎತ್ತಿ, "ನಿನಗೆ ಒಂದು ಮಾತು ಹೇಳಬೇಕು, ಬಹಳ ದಿನದಿಂದ ಹೇಳಬೇಕು ಅಂತಿದ್ದೆ" ಎಂದು ಶುರುಮಾಡಿದಳಂತೆ. ಅಲ್ಲಿಗೇ ಚಿತ್ರ ನಿಂತಿತು. ಮತ್ತೆ ಬಂದಾಗ ಅವಳು ಹೇಳಿ ಮುಗಿಸಿ, ಉತ್ತರಕ್ಕೆ ಕಾಯುತ್ತಿದ್ದಳು. ತೀಡಾ ಮತ್ತೆ ಹೇಳು ಎಂದರು. ಅವಳು ಹೇಳಿದಳು, ಚಿತ್ರ ಮತ್ತೆ ಚೌಕ ಚೌಕವಾಯಿತು. ಮೂರನೆಯ ಸಲಕ್ಕೆ ಅವಳ ತೋಳು ಸೋತಿತ್ತು. ಅದಾದ ವಾರದಲ್ಲಿ ಕೈ ಎದೆಯ ಮಟ್ಟಕ್ಕೆ ಏಳುವುದು ನಿಂತುಹೋಯಿತು. "ದಿನಾ ಕೇಳುತ್ತೇನೆ. ದಿನಾ ಪ್ರಯತ್ನಿಸುತ್ತಾಳೆ. ಕೈ ಒಂದು ಗೇಣು ಏಳುತ್ತದೆ, ಆಮೇಲೆ ಬೆರಳು ಮಾತ್ರ ಆಡುತ್ತದೆ. ನನಗೆ ಕಾಣಿಸುವುದಿಲ್ಲ."

ಅವತ್ತೇ ನಾನು ಮಾರ್ಗರೀಟ್ ಅವರ ಬಾಗಿಲಿಗೆ ಹೋದೆ. ಎರಡನೇ ಹಾಳೆಯನ್ನು ನಿಂತಲ್ಲೇ ಓದಿಸಿದೆ. ಕನ್ನಡಕ ತೆಗೆದರು.

"ಇದನ್ನ ಜೂನಲ್ಲಿ ಯಾಕ್ರೀ ಹೇಳಲಿಲ್ಲ?"

"ನಾನೇ ಓದಿರಲಿಲ್ಲ."

"ನೀವಾ? ನೀವು ಓದಿರಲಿಲ್ವಾ?" ಎಂದರು. ಶಾಲೆಯಲ್ಲಿ ಎಷ್ಟು ಮಕ್ಕಳು ಆ ಎರಡು ಪ್ರಶ್ನೆಗೆ ಅತ್ತಿದ್ದಾರೋ ಗೊತ್ತಿಲ್ಲ. "ಸಭೆ ಕರೆಯೋಕೆ ಹತ್ತು ದಿನದ ನೋಟಿಸ್ ಬೇಕು. ಇವತ್ತೇ ಹಾಕಿ."

ಆ ಹತ್ತು ದಿನಕ್ಕೆ ನಾನೊಂದು ಉಪಾಯ ಮಾಡಿದೆ. ಸಂಜೆ ಏಳರಿಂದ ಎಂಟರವರೆಗೆ ದಯವಿಟ್ಟು ಯಾರೂ ಇಂಟರ್ನೆಟ್ ಬಳಸಬೇಡಿ ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದೆ. ಮೊದಲ ಎರಡು ದಿನ ಜನ ಮಾತು ಕೇಳಿದರು, ಚಿತ್ರ ಸುಮಾರಾಗಿ ಬಂತು, ಆದರೆ ಬೆರಳಿನ ಸಣ್ಣ ಸನ್ನೆ ತಿಳಿಯುವಷ್ಟಲ್ಲ. ಮೂರನೇ ದಿನ ಫುಟ್ಬಾಲ್ ಪಂದ್ಯಗಳು ಶುರುವಾಗಿ ಜನ ಮತ್ತೆ ಪರದೆಯ ಮುಂದೆ ಕೂತರು. ಬೀಗ ಹಾಕಿಹೋದ ಮನೆಗಳಲ್ಲೂ ಯಾವ್ಯಾವುದೋ ಯಂತ್ರ ತಾನಾಗಿ ಎಳೆಯುತ್ತಿರುತ್ತದಂತೆ, ಅದು ನನಗೆ ತಿಳಿದಿರಲಿಲ್ಲ. ಚೀಟಿಯ ಕೆಳಗೆ ಯಾರೋ "ದೀಪವನ್ನೂ ಆರಿಸಬೇಕೇ?" ಎಂದು ಬರೆದಿದ್ದರು. ಹರಿದು ಹಾಕಿದೆ.

ಸಭೆಗೆ ತೀಡಾ ಬಂದರು. ಅವರಿಗಾಗಿ ಸಂಘ ಕೈಭಾಷೆಯ ದುಭಾಷಿಯನ್ನು ಗೊತ್ತುಮಾಡಿತ್ತು. ಅಷ್ಟು ಬೇಗ ಖುದ್ದಾಗಿ ಬರುವವರು ಸಿಗಲಿಲ್ಲವೆಂದು ಲ್ಯಾಪ್‌ಟಾಪಿನಲ್ಲಿ ವಿಡಿಯೋ ಮೂಲಕ ದುಭಾಷಿ. ಅದನ್ನು ಏರ್ಪಾಡು ಮಾಡಿದವನೂ ನಾನೇ. ಯಾವ ವೈ-ಫೈ ಮೇಲೆ ಅದು ನಡೆಯಬೇಕು ಎಂದು ಕೋಣೆಯಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಏಳಕ್ಕೆ ಮಾರ್ಗರೀಟ್ ಶುರುಮಾಡಿದರು. "ಮೊದಲು ನಾಲ್ಕು-ಸಿ ವಿಷಯ. ಜೂನ್ ಸಭೇಲಿ ನಾವು" ಎನ್ನುವಷ್ಟರಲ್ಲಿ ಪರದೆಯ ಮೇಲಿನ ದುಭಾಷಿಯ ಎರಡೂ ಕೈ ಗಾಳಿಯಲ್ಲಿ ನಿಂತವು. ಬಾಯಿ ಅರ್ಧ ತೆರೆದಿತ್ತು. ಆಜಿ ಲ್ಯಾಪ್‌ಟಾಪನ್ನು ತಟ್ಟಿದ.

"ತಟ್ಟಿದ್ರೆ ಬರೋಕೆ ಅದೇನು ಹಳೇ ರೇಡಿಯೋನೇನಯ್ಯಾ?" ಎಂದೆ.

"ಮತ್ತೇನು ಮಾಡ್ಲಿ?"

"ಸುಮ್ನೆ ಕೂತ್ಕೊ. ಅವರು ದಿನಾ ಹಾಗೇ ಕೂರ್ತಾರೆ."

ಕೂತೆವು. ನಾನು ಗಡಿಯಾರ ನೋಡುತ್ತಿದ್ದೆ. ಆರು ನಿಮಿಷವಾದರೂ ಪರದೆಯ ಕೈಗಳು ಅಲ್ಲಾಡಲಿಲ್ಲ. ತೀಡಾ ನಮ್ಮ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದರು. ಆಮೇಲೆ ನಾನು ಎದ್ದು ಪತ್ರ ತೆಗೆದು, ಎರಡನೇ ಹಾಳೆಯಿಂದ ಶುರುಮಾಡಿ, ಪೂರ್ತಿ ಓದಿದೆ. "ಅವಳ ಕೈಗಳು ಇರುವಾಗಲೇ" ಎಂಬ ವಾಕ್ಯವನ್ನು ಎರಡು ಸಲ ಓದಿದೆ.

ಆಜಿ ತಲೆ ಎತ್ತಲಿಲ್ಲ. "ನಾನು ಕಾಫಿ ಕಾಯಿಸ್ಕೋತೀನಿ ಅಂದಿದ್ದೆ" ಎಂದ.

ಸಮಿತಿಯ ಐದಕ್ಕೆ ಐದು ಮತವೂ ಫೈಬರಿನ ಪರ ಬಿತ್ತು. ಆದರೆ ಮತ ಬಿದ್ದ ತಕ್ಷಣ ತಂತಿ ಬರುವುದಿಲ್ಲ. ಒಪ್ಪಂದವನ್ನು ವಕೀಲರು ನೋಡಬೇಕು. ಗೋಡೆ ಕೆಟ್ಟರೆ ಯಾರ ಹೊಣೆ, ಕಂಪನಿಗೆ ವಿಮೆ ಇದೆಯೇ, ಮಹಡಿಯಿಂದ ಮಹಡಿಗೆ ಕೊರೆದ ತೂತಿಗೆ ಬೆಂಕಿ ತಡೆಯುವ ಗಾರೆ ತುಂಬುವವರು ಯಾರು, ಬಿಟ್ಟುಹೋದರೆ ತಂತಿ ಯಾರದು. ಇವೆಲ್ಲ ಬೇಕಾದ ಪ್ರಶ್ನೆಗಳೇ, ಬೇಡ ಅನ್ನಲಾರೆ. ಜೂನಿನಲ್ಲಿ ಶುರುವಾಗಿದ್ದರೆ ಆಗಸ್ಟಿಗೆ ಮುಗಿಯುತ್ತಿದ್ದವು. ನಾನು ದಿನ ಬಿಟ್ಟು ದಿನ ವಕೀಲರ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ನನ್ನ ದನಿ ಕೇಳಿದೊಡನೆ "ಇನ್ನೂ ಇಲ್ಲ ಕುಬಿಯಾಕ್ ಅವರೇ" ಅನ್ನುತ್ತಿದ್ದಳು.

ಅಕ್ಟೋಬರಿನ ನಡುವೆ ಸಹಿಯಾಯಿತು. ನವೆಂಬರ್ ಮೊದಲ ವಾರ ಕಂಪನಿಯವರು ಕಂಬದಿಂದ ನೆಲಮಾಳಿಗೆಗೆ ತಂತಿ ತಂದು, ಮಹಡಿ ಮಹಡಿಯ ತಂತಿ ಕಪಾಟಿನೊಳಗಿಂದ ಮೇಲಕ್ಕೆ ಎಳೆದು, ಪಡಸಾಲೆಯ ಚಾವಣಿಯಂಚಿಗೆ ಬಿಳಿ ಪಟ್ಟಿಯೊಳಗೆ ಅಡಗಿಸಿ ಮನೆಮನೆಗೆ ಮುಟ್ಟಿಸಿದರು. ತೂತುಗಳಿಗೆ ಕೆಂಪು ಗಾರೆ ತುಂಬಿದ್ದನ್ನು ನಾನು ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿದೆ. ಮೊದಲ ಸಂಪರ್ಕ ನಾಲ್ಕು-ಸಿ ಮನೆಗೇ ಆಗಬೇಕೆಂದು ಮಾರ್ಗರೀಟ್ ಕೆಲಸದವರಿಗೆ ಹೇಳಿದ್ದರು.

ಅಂದು ಸಂಜೆ ತೀಡಾ ನನ್ನನ್ನು ಕರೆದರು. ಬರಲೇಬೇಕೆಂದು ಚೀಟಿ ಬಾಗಿಲಡಿ ಹಾಕಿದ್ದರು. ಮೇಜಿನ ಮೇಲೆ ದೊಡ್ಡ ಪರದೆ ಇತ್ತು. ಎರಡೂ ಕೈ ಖಾಲಿ ಬಿಟ್ಟು ಅದರ ಮುಂದೆ ಕೂತಿದ್ದರು. ನಾನು ಚಿತ್ರದಲ್ಲಿ ಬೀಳದಂತೆ ಗೋಡೆಯ ಪಕ್ಕ ಕೂತೆ.

ಏಳಕ್ಕೆ ಇಂಗಾ ಕಾಣಿಸಿದರು. ಅಂಥ ಚಿತ್ರ ನಾನು ನೋಡಿರಲಿಲ್ಲ. ದಿಂಬಿನ ಗೀರುಗಳು, ಹುಬ್ಬಿನ ಬಿಳಿ ಕೂದಲು, ಹೊದಿಕೆಯ ನೂಲು ಸಹ ಎಣಿಸಬಹುದಿತ್ತು. ಆ ಹೊದಿಕೆಯ ಮೇಲೆ ಎರಡು ಕೈಗಳು, ಅಂಗೈ ಕೆಳಗಾಗಿ, ಯಾರೋ ಎತ್ತಿ ಇಟ್ಟಂತೆ ಇದ್ದವು. ಬೆರಳುಗಳೂ ಆಡುತ್ತಿರಲಿಲ್ಲ. ಅಕ್ಟೋಬರಿನ ಕೊನೆಗೆ, ಹ್ಯಾಲೋವೀನಿನ ಹಿಂದಿನ ವಾರ ಅವು ನಿಂತವೆಂದು ತೀಡಾ ನನಗೆ ಮೊದಲೇ ಹೇಳಿರಲಿಲ್ಲ.

ಕಣ್ಣು ಮಾತ್ರ ಇತ್ತು. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಹಳೆಯ ಚಿತ್ರದಲ್ಲಿ ಅದೂ ತಿಳಿಯುತ್ತಿರಲಿಲ್ಲ.

ತೀಡಾ ಜುಲೈಯ ಮಾತನ್ನು ಹುಡುಕಲು ಕೂತರು. ಒಂದೊಂದು ಪ್ರಶ್ನೆ ಕೇಳಿ, ಅದನ್ನೇ ಪುಸ್ತಕದಲ್ಲಿ ಬರೆದು ನನ್ನ ಕಡೆ ತಿರುಗಿಸಿ ಇಡುತ್ತಿದ್ದರು. ನನಗೆ ತಿಳಿಯಲಿ ಎಂದೋ, ನಾನು ಇಟ್ಟುಕೊಳ್ಳಬೇಕಾದ್ದನ್ನು ಇಟ್ಟುಕೊಳ್ಳಲಿ ಎಂದೋ, ಕೇಳಲಿಲ್ಲ.

"ಅಮ್ಮನ ವಿಷಯವಾ?" ಇಂಗಾರ ಕಣ್ಣು ಎರಡು ಸಲ ಮುಚ್ಚಿತು.

"ಶಾಲೆಯ ವಿಷಯ? ಹಾಸ್ಟೆಲಿನದು?" ಎರಡು ಸಲ.

"ನಾನು ನಿನಗೇನಾದರೂ ನೋವು ಮಾಡಿದ್ದೆನಾ?" ಎರಡು ಸಲ, ಬೇಗ ಬೇಗ.

"ನೀನು ನನಗೆ ಮಾಡಿದ್ದಾ?" ಕಣ್ಣು ಸ್ವಲ್ಪ ತಡೆಯಿತು. ಎರಡು ಸಲ.

"ಹೂಳುವ ವಿಷಯವಾ? ಎಲ್ಲಿ ಅಂತ?" ಎರಡು ಸಲ.

"ಯಾರಿಗಾದರೂ ಏನಾದರೂ ಕೊಡಬೇಕಾ?" ಎರಡು ಸಲ.

ಪುಟ ತಿರುಗಿತು. ಇಪ್ಪತ್ತು ಪ್ರಶ್ನೆ ಆಗಿರಬೇಕು, ಇಪ್ಪತ್ತೈದೂ ಇರಬಹುದು. ಇಡೀ ಎಪ್ಪತ್ತು ವರ್ಷವನ್ನು ಹೌದು ಅಲ್ಲ ಎಂಬೆರಡೇ ಮಾತಲ್ಲಿ ಜಾಲಿಸಿದರೆ ಏನು ಸಿಗುತ್ತದೆ? ಸಮುದ್ರವನ್ನು ಲೋಟಕ್ಕೆ ಇಳಿಸುತ್ತಿದ್ದ ನಾನು ಗೋಡೆಗೆ ಒರಗಿ ಕೂತು ಇದನ್ನು ನೋಡಿದೆ. ನನ್ನ ಒಂದು ಸಾಲಿಗೆ ಆ ಮಾತು ಬಲಿಯಾಗಿತ್ತು. ಅದು ಏನು ಮಾತೆಂದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ, ಹೇಳಿದವರೊಬ್ಬರನ್ನು ಬಿಟ್ಟು.

ತೀಡಾ ಕೈ ಕೆಳಗಿಳಿಸಿದರು. ಆಮೇಲೆ ಮತ್ತೆ ಎತ್ತಿ ಚಿಕ್ಕದೊಂದು ಪ್ರಶ್ನೆ ಕೇಳಿದರು, ಪುಸ್ತಕದಲ್ಲಿ ಬರೆದರು: "ಇನ್ನು ಕೇಳೋದು ಬಿಡಲಾ?"

ಇಂಗಾರ ಕಣ್ಣು ಒಂದು ಸಲ ಮುಚ್ಚಿ ತೆರೆಯಿತು.

ತೀಡಾ ಸರಿ ಎಂದು ತಲೆಯಾಡಿಸಿದರು. ಪೆನ್ನನ್ನು ಪುಸ್ತಕದೊಳಗಿಟ್ಟು ಮುಚ್ಚಿ, ಎರಡೂ ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟುಕೊಂಡರು. ತಂಗಿಯ ಕೈ ಹೇಗಿತ್ತೋ ಹಾಗೆಯೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು.

ಪರದೆಯಲ್ಲಿ ಏನೂ ಅಲ್ಲಾಡಲಿಲ್ಲ. ನಾನು ಅಭ್ಯಾಸಬಲದಿಂದ ತಂತಿ ನಿಂತಿತೆಂದು ಎದ್ದು, ಕಿಟಕಿಯ ಕೆಳಗಿದ್ದ ಹೊಸ ಬಿಳಿ ಪೆಟ್ಟಿಗೆಯ ಹತ್ತಿರ ಹೋಗಿ ದೀಪ ನೋಡಿದೆ. ಹಸಿರು ಉರಿಯುತ್ತಿತ್ತು. ತಿರುಗಿ ನೋಡಿದಾಗ ಇಂಗಾರ ಕಣ್ಣು ಒಮ್ಮೆ ಮಿಟುಕಿತು. ತಂತಿ ನಿಂತಿರಲಿಲ್ಲ.

ಎಂಟಕ್ಕೆ ಆರೈಕೆಯವಳು ಬಂದು ಪರದೆ ತೆಗೆಯುವ ತನಕ ಅವರು ಹಾಗೇ ಕೂತಿದ್ದರು. ನಾನೂ ಕೂತಿದ್ದೆ. ಮನೆಗೆ ಬಂದು ನಡಾವಳಿಯ ಪುಸ್ತಕ ತೆಗೆದು, ಜೂನ್ ತಿಂಗಳ ಆ ಸಾಲಿನ ಪಕ್ಕದಲ್ಲಿ ಎರಡನೇ ಹಾಳೆಯನ್ನು ಅಂಟಿಸಿದೆ. ಪುಟಕ್ಕಿಂತ ಹಾಳೆ ದೊಡ್ಡದಿತ್ತು. ಅಂಚು ಹೊರಗೆ ಉಳಿಯಿತು. ಕತ್ತರಿಸಲಿಲ್ಲ.